ಶೇಕಡಾ ಹತ್ತರ ಹೆಚ್ಚಳ, ಹಗುರವಾದ ಚೀಲ

2023ರ ಜನವರಿ ತಿಂಗಳು. ನಾನು ಆಗ ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದ ಹಣಕಾಸು ಸಮಿತಿ ಸಭೆಯಲ್ಲಿ ಸಿಬ್ಬಂದಿಯ ಸಂಬಳದ ವಿಷಯ ಚರ್ಚೆಗೆ ಬಂತು. ಕೊರೋನಾದ ಕಾರಣ ಕಾಣಿಕೆ ಇಳಿದಿದ್ದುದರಿಂದ ಎರಡು ವರ್ಷಗಳಿಂದ ಯಾರಿಗೂ ಒಂದು ರೂಪಾಯಿಯನ್ನೂ ಏರಿಸಿರಲಿಲ್ಲ. ಈ ಬಾರಿ ಎಲ್ಲರಿಗೂ ಶೇ. 10ರಷ್ಟು ಹೆಚ್ಚಿಸೋಣ ಎಂದು ನಾನೇ ಪ್ರಸ್ತಾಪಿಸಿದೆ. ಸದಸ್ಯರು ಸಂತೋಷದಿಂದ ಒಪ್ಪಿದರು. ನಮ್ಮ ಸಾಕ್ರಿಸ್ತಾನರ ಸಂಬಳ 9,000 ರೂಪಾಯಿಯಿಂದ 9,900ಕ್ಕೆ ಏರಿತು. ಧರ್ಮಗುರುವಾಗಿ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿ ನನಗಿತ್ತು.

ಮುಂದಿನ ತಿಂಗಳು ಸಂಬಳದ ಪುಸ್ತಕಕ್ಕೆ ಸಹಿ ಹಾಕುತ್ತಾ ಆ ಹಿರಿಯರು ಮೆಲ್ಲನೆ ಒಂದು ಮಾತು ಹೇಳಿದರು. "ಫಾದರ್, ಕೊಟ್ಟದ್ದಕ್ಕೆ ಉಪಕಾರ. ಆದರೆ ಅಂಗಡಿಯಿಂದ ತರುವ ಚೀಲ ಮೊದಲಿಗಿಂತ ಹಗುರವಾಗಿಯೇ ಉಂಟು." ನನಗೆ ಸ್ವಲ್ಪ ಬೇಸರವಾಯಿತು. ಎಷ್ಟು ಕೊಟ್ಟರೂ ಸಾಲುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆ ರಾತ್ರಿ ಲೆಕ್ಕ ಹಾಕಿ ನೋಡಿದಾಗಲೇ ಅವರು ಹೇಳಿದ್ದು ಸರಿ, ನಾನು ಅಂದುಕೊಂಡದ್ದು ತಪ್ಪು ಎಂದು ತಿಳಿಯಿತು. ನಮ್ಮ ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ, ಸಂಸ್ಥೆಗಳಲ್ಲಿ ಪ್ರತಿ ವರ್ಷ ಸಂಬಳದ ನಿರ್ಣಯಗಳು ಆಗುತ್ತಲೇ ಇರುತ್ತವೆ. ಆದ್ದರಿಂದ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುವುದು ಸೂಕ್ತವೆಂದು ಭಾವಿಸುತ್ತೇನೆ.

ಬೆಲೆಯನ್ನು ಅಳೆಯುವ ಕೋಲು

ಸಂಬಳ ಎಷ್ಟು ಏರಿತೆಂದು ತಿಳಿಯಲು ಸಂಬಳದ ಚೀಟಿ ಸಾಕು. ಆ ಏರಿಕೆಯಿಂದ ಮನೆಗೆ ಏನಾದರೂ ಹೆಚ್ಚು ಬಂತೇ ಎಂದು ತಿಳಿಯಲು ಮಾತ್ರ ಅದೇ ಅವಧಿಯಲ್ಲಿ ಬೆಲೆಗಳು ಎಷ್ಟು ಏರಿದವು ಎಂಬುದೂ ಗೊತ್ತಿರಬೇಕು. ಇದಕ್ಕಾಗಿಯೇ ಕೇಂದ್ರ ಕಾರ್ಮಿಕ ಸಚಿವಾಲಯದ ಅಧೀನದಲ್ಲಿರುವ ಲೇಬರ್ ಬ್ಯೂರೋ ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಕಾರ್ಮಿಕ ಕುಟುಂಬಗಳು ಕೊಳ್ಳುವ ಅಕ್ಕಿ, ಬೇಳೆ, ತರಕಾರಿ, ಬಟ್ಟೆ, ಗ್ಯಾಸ್, ಮನೆ ಬಾಡಿಗೆ, ಬಸ್ ದರ, ಔಷಧಿ, ಶಾಲಾ ಶುಲ್ಕ ಮುಂತಾದವುಗಳ ಬೆಲೆಯನ್ನು ದೇಶದ ಹಲವಾರು ಮಾರುಕಟ್ಟೆಗಳಲ್ಲಿ ಸಂಗ್ರಹಿಸಿ ಒಂದೇ ಸಂಖ್ಯೆಯಾಗಿ ಕೊಡುವುದೇ ಈ ಸೂಚ್ಯಂಕ. 2016ರಲ್ಲಿ 100 ರೂಪಾಯಿಗೆ ಸಿಗುತ್ತಿದ್ದ ಸಾಮಾನುಗಳ ಬುಟ್ಟಿಗೆ ಈಗ ಎಷ್ಟು ಬೇಕು ಎಂಬುದನ್ನು ಅದು ಹೇಳುತ್ತದೆ. ಸರಕಾರಿ ನೌಕರರ ತುಟ್ಟಿಭತ್ಯೆಯನ್ನು ನಿರ್ಧರಿಸುವುದೂ ಇದೇ ಸಂಖ್ಯೆಯಿಂದ.

2020ರ ಡಿಸೆಂಬರ್‌ನಲ್ಲಿ ಈ ಸೂಚ್ಯಂಕ 118.8 ಇತ್ತು. 2021ರ ಡಿಸೆಂಬರ್‌ನಲ್ಲಿ 125.4, 2022ರಲ್ಲಿ 132.3, 2023ರಲ್ಲಿ 138.8 ಮತ್ತು 2024ರ ಡಿಸೆಂಬರ್‌ನಲ್ಲಿ 143.7 ಆಯಿತು. ಈ ಲೇಖನದ ಲೆಕ್ಕಕ್ಕೆ ಈ ಐದು ಸಂಖ್ಯೆಗಳೇ ಬಹುಮಟ್ಟಿಗೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಧಾರ ವರ್ಷ ಬದಲಾದಾಗ ಸೂಚ್ಯಂಕದ ಸಂಖ್ಯೆಯೂ ಬದಲಾಗುತ್ತದೆ. 2020ರ ಆಗಸ್ಟ್‌ನಲ್ಲಿ 2001ರ ಆಧಾರದ ಮೇಲೆ 338 ಎಂದಿದ್ದ ಸೂಚ್ಯಂಕ, ಸೆಪ್ಟೆಂಬರ್‌ನಲ್ಲಿ 2016ರ ಆಧಾರಕ್ಕೆ ಬದಲಾಗಿ 118.1 ಎಂದು ಪ್ರಕಟವಾಯಿತು. ಬೆಲೆ ಇಳಿದದ್ದಲ್ಲ, ಅಳತೆಗೋಲು ಬದಲಾದದ್ದು ಅಷ್ಟೇ. ಹೊಸ ಸಂಖ್ಯೆಯನ್ನು 2.88ರಿಂದ ಗುಣಿಸಿದರೆ ಹಳೆಯ ಸರಣಿಯ ಸಂಖ್ಯೆ ಸಿಗುತ್ತದೆ. ಹಳೆಯ ಕಡತಗಳನ್ನು ನೋಡಿ ಲೆಕ್ಕ ಹಾಕುವವರು ಎರಡು ಸಂಖ್ಯೆಗಳೂ ಒಂದೇ ಆಧಾರ ವರ್ಷದವೇ ಎಂದು ಮೊದಲು ನೋಡಿಕೊಳ್ಳಬೇಕು.

ಸಾಕ್ರಿಸ್ತಾನರ ಲೆಕ್ಕ

ಅವರ ಸಂಬಳ 9,000 ಎಂದು ನಿಗದಿಯಾದದ್ದು 2021ರ ಜನವರಿಯಲ್ಲಿ. ಹಾಗಾಗಿ ಅದಕ್ಕೆ ಹಿಂದಿನ ತಿಂಗಳ ಸೂಚ್ಯಂಕ 118.8ನ್ನು ತೆಗೆದುಕೊಳ್ಳೋಣ. ಮುಂದಿನ ಹೆಚ್ಚಳ ಬಂದದ್ದು 2023ರ ಜನವರಿಯಲ್ಲಿ, ಆಗಿನ ಸೂಚ್ಯಂಕ 132.3. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.1136 ಬರುತ್ತದೆ. ಅಂದರೆ ಎರಡು ವರ್ಷಗಳಲ್ಲಿ ಬೆಲೆಗಳು ಶೇ. 11.36ರಷ್ಟು ಏರಿದ್ದವು. 2021ರ ಜನವರಿಯಲ್ಲಿ 9,000 ರೂಪಾಯಿಗೆ ಬರುತ್ತಿದ್ದ ಸಾಮಾನನ್ನೇ ಮತ್ತೆ ತರಲು ಅವರಿಗೆ 10,023 ರೂಪಾಯಿ ಬೇಕಿತ್ತು. ನಾವು ಕೊಟ್ಟದ್ದು 9,900. ನಾನು ಹೆಚ್ಚಳವೆಂದು ಹೆಮ್ಮೆಪಟ್ಟದ್ದು ನಿಜದಲ್ಲಿ ತಿಂಗಳಿಗೆ 123 ರೂಪಾಯಿಯ ಕಡಿತವಾಗಿತ್ತು.

ಇದಕ್ಕಿಂತ ದೊಡ್ಡದು ನಡುವಿನ ಎರಡು ವರ್ಷಗಳ ನಷ್ಟ. 2021ರ ಕೊನೆಗೆ ಅವರ 9,000 ರೂಪಾಯಿಯ ಬೆಲೆ ಮೊದಲಿನ ಲೆಕ್ಕದಲ್ಲಿ 8,526ಕ್ಕೆ ಇಳಿದಿತ್ತು. 2022ರ ಕೊನೆಗೆ 8,082ಕ್ಕೆ ಬಂದಿತ್ತು. ಅಂದರೆ ಆ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಗೋದಲಿ ಕಟ್ಟಿ ಚರ್ಚನ್ನು ಅಲಂಕರಿಸುತ್ತಿದ್ದ ಆ ಮನುಷ್ಯನ ಕೈಯಿಂದ ತಿಂಗಳಿಗೆ 918 ರೂಪಾಯಿ ನಮ್ಮ ಗಮನಕ್ಕೇ ಬಾರದೆ ಜಾರಿ ಹೋಗುತ್ತಿತ್ತು. ಜನವರಿಯ ಹೆಚ್ಚಳ ಮುಂದಿನ ತಿಂಗಳುಗಳಿಗೆ ಮಾತ್ರ ಅನ್ವಯವಾಯಿತು. ಹಿಂದೆ ಹೋದದ್ದನ್ನು ಯಾರೂ ಹಿಂದಿರುಗಿಸಲಿಲ್ಲ.

ಹೆಚ್ಚಳವನ್ನು ಒಂದು ವರ್ಷ ಮುಂದೂಡಿದರೆ ಆಗುವುದು ಇದು. ಕೊರೋನಾ ಕಾಲದಲ್ಲಿ ಕೇಂದ್ರ ಸರಕಾರವೂ 2020ರ ಜನವರಿ, ಜುಲೈ ಮತ್ತು 2021ರ ಜನವರಿಯ ಮೂರು ಕಂತುಗಳ ತುಟ್ಟಿಭತ್ಯೆಯನ್ನು ತಡೆಹಿಡಿದಿತ್ತು. 2021ರ ಜುಲೈಯಲ್ಲಿ ಅದನ್ನು ಶೇ. 17ರಿಂದ ಒಮ್ಮೆಲೇ ಶೇ. 28ಕ್ಕೆ ಏರಿಸಿದಾಗ ದೊಡ್ಡ ಕೊಡುಗೆಯಂತೆ ಕಂಡಿತು. ಆದರೆ ತಡೆಹಿಡಿದ ತಿಂಗಳುಗಳ ಬಾಕಿಯನ್ನು ಕೊಡಲಿಲ್ಲ. ಅಲ್ಲಿ ದರವಾದರೂ ಸೂಚ್ಯಂಕದ ಮಟ್ಟಕ್ಕೆ ಮರಳಿತು. ನಮ್ಮಲ್ಲಿ ಅದೂ ಆಗಿರಲಿಲ್ಲ.

ಯಾವುದರ ಮೇಲೆ ಶೇಕಡಾ?

ಪ್ರತಿ ವರ್ಷ ತಪ್ಪದೆ ಹೆಚ್ಚಳ ಕೊಡುವ ಸಂಸ್ಥೆಗಳಲ್ಲಿ ತೊಂದರೆ ಇಲ್ಲವೆಂದು ಭಾವಿಸಬಾರದು. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಹೆಚ್ಚಳ ಯಾವುದರ ಮೇಲೆ ಎಂಬುದೇ ಆ ಪ್ರಶ್ನೆ.

ಒಂದು ಉದಾಹರಣೆಯನ್ನು ನೋಡೋಣ. ಅನುದಾನರಹಿತ ಶಾಲೆಯ ಕಚೇರಿ ಸಹಾಯಕಿ ಒಬ್ಬರಿಗೆ 2021ರ ಜನವರಿಯಲ್ಲಿ ಒಟ್ಟು 12,000 ರೂಪಾಯಿ ಸಂಬಳವಿತ್ತು ಎಂದಿಟ್ಟುಕೊಳ್ಳಿ. ಇದರಲ್ಲಿ 8,000 ಮೂಲವೇತನ. ಉಳಿದ 4,000 ಮನೆ ಬಾಡಿಗೆ, ಪ್ರಯಾಣ ಮುಂತಾದ ನಿಗದಿತ ಭತ್ಯೆಗಳು. ಪ್ರತಿ ಜನವರಿಯಲ್ಲಿ ಶೇ. 5ರ ಹೆಚ್ಚಳ, ಆದರೆ ಮೂಲವೇತನದ ಮೇಲೆ ಮಾತ್ರ. ನಾಲ್ಕು ಹೆಚ್ಚಳಗಳ ನಂತರ, 2025ರ ಜನವರಿಯಲ್ಲಿ, ಮೂಲವೇತನ 9,724 ಆಗುತ್ತದೆ. ಭತ್ಯೆಗಳು ಅದೇ 4,000. ಒಟ್ಟು 13,724. ನಾಲ್ಕು ಸಲ ಶೇ. 5 ಎಂದು ಕೇಳಿದ ಆ ತಾಯಿಯ ಸಂಬಳ ನಿಜವಾಗಿ ಏರಿದ್ದು ಶೇ. 14.4 ಮಾತ್ರ.

ಈಗ ಬೆಲೆಗಳ ಕಡೆ ನೋಡೋಣ. 143.7ನ್ನು 118.8ರಿಂದ ಭಾಗಿಸಿದರೆ 1.2096. ಅಂದರೆ ಅದೇ ನಾಲ್ಕು ವರ್ಷಗಳಲ್ಲಿ ಬೆಲೆಗಳು ಸುಮಾರು ಶೇ. 21ರಷ್ಟು ಏರಿವೆ. ಹಳೆಯ ಮಟ್ಟದಲ್ಲಿ ನಿಲ್ಲಲು ಅವರಿಗೆ 14,515 ರೂಪಾಯಿ ಬೇಕು. ಕೊರತೆ ತಿಂಗಳಿಗೆ 791 ರೂಪಾಯಿ. ನಾಲ್ಕು ಹೆಚ್ಚಳಗಳ ಪತ್ರಗಳನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಶೇ. 5.5ರಷ್ಟು ಬಡವರಾಗಿದ್ದಾರೆ.

ಒಂದು ವೇಳೆ ಅದೇ ಶೇ. 5ನ್ನು ಒಟ್ಟು ಸಂಬಳದ ಮೇಲೆ ಕೊಟ್ಟಿದ್ದರೆ ಸಂಬಳ 14,586 ಆಗುತ್ತಿತ್ತು. ಬೇಕಾದ 14,515ಕ್ಕಿಂತ 71 ರೂಪಾಯಿ ಹೆಚ್ಚು. ಗಮನಿಸಿ, ನಾಲ್ಕು ವರ್ಷಗಳ ದುಡಿಮೆ ಮತ್ತು ಅನುಭವಕ್ಕೆ ಸಿಕ್ಕಿದ ನಿಜವಾದ ಹೆಚ್ಚಳ ತಿಂಗಳಿಗೆ 71 ರೂಪಾಯಿ. ಆ ನಾಲ್ಕು ವರ್ಷಗಳಲ್ಲಿ ಶೇ. 5 ಎಂಬುದು ಹೆಚ್ಚಳವೇ ಆಗಿರಲಿಲ್ಲ. ಅದು ಇದ್ದಲ್ಲೇ ನಿಲ್ಲಿಸುವ ದರವಾಗಿತ್ತು.

ತುಟ್ಟಿಭತ್ಯೆಯ ಸುದ್ದಿಯನ್ನು ಓದುವಾಗಲೂ ಇದೇ ಪ್ರಶ್ನೆ ನೆನಪಿರಲಿ. 2024ರ ಜುಲೈಯಿಂದ ಕೇಂದ್ರ ನೌಕರರ ತುಟ್ಟಿಭತ್ಯೆ ಶೇ. 50ರಿಂದ 53ಕ್ಕೆ ಏರಿತು. ನೌಕರರಿಗೆ ಶೇ. 3 ಹೆಚ್ಚಳ ಎಂದು ಜನರ ಬಾಯಲ್ಲಿ ಸುದ್ದಿ ಹರಡಿತು. ಆ ಮೂರು ಮೂಲವೇತನದ ಮೇಲಿನ ಲೆಕ್ಕ. ಮೂಲವೇತನ 100, ಭತ್ಯೆ 50, ಒಟ್ಟು 150 ಪಡೆಯುತ್ತಿದ್ದವರಿಗೆ 153 ಆಯಿತು. ಅದು ಒಟ್ಟಿನಲ್ಲಿ ಶೇ. 2 ಮಾತ್ರ. ಅದೂ ಈಗಾಗಲೇ ಏರಿ ಮುಗಿದ ಬೆಲೆಗೆ ಕೊಟ್ಟ ಪರಿಹಾರವೇ ಹೊರತು ಸಂಬಳದ ವೃದ್ಧಿಯಲ್ಲ.

ಕಳೆಯುವುದೋ, ಭಾಗಿಸುವುದೋ?

ಹೆಚ್ಚಳದಿಂದ ಹಣದುಬ್ಬರವನ್ನು ಕಳೆದರೆ ಆಯಿತಲ್ಲ ಎಂದು ಹಲವರು ಕೇಳುತ್ತಾರೆ. ಸಣ್ಣ ಸಂಖ್ಯೆಗಳಲ್ಲಿ ಇದರಿಂದ ಹೆಚ್ಚಿನ ವ್ಯತ್ಯಾಸ ಬರುವುದಿಲ್ಲ. 2023ರ ಡಿಸೆಂಬರ್‌ನಿಂದ 2024ರ ಡಿಸೆಂಬರ್‌ವರೆಗೆ ಬೆಲೆಗಳು ಶೇ. 3.53ರಷ್ಟು ಏರಿದವು. ಶೇ. 5 ಹೆಚ್ಚಳದಿಂದ ಇದನ್ನು ಕಳೆದರೆ 1.47. ಸರಿಯಾಗಿ 105ನ್ನು 103.53ರಿಂದ ಭಾಗಿಸಿದರೆ ಶೇ. 1.42. ಎರಡೂ ಹತ್ತಿರವೇ. ಆದರೆ ಬೆಲೆ ವೇಗವಾಗಿ ಏರುವಾಗ ಕಳೆಯುವ ಲೆಕ್ಕ ದಾರಿ ತಪ್ಪಿಸುತ್ತದೆ. 2009ರ ಜನವರಿಯಲ್ಲಿ 148 ಇದ್ದ ಹಳೆಯ ಸರಣಿಯ ಸೂಚ್ಯಂಕ 2010ರ ಜನವರಿಯಲ್ಲಿ 172 ಆಗಿತ್ತು. ಒಂದೇ ವರ್ಷದಲ್ಲಿ ಶೇ. 16.2ರ ಏರಿಕೆ. ಆ ವರ್ಷ ಶೇ. 10ರ ಹೆಚ್ಚಳ ಪಡೆದವನಿಗೆ ಆದ ನಷ್ಟ, ಕಳೆದು ನೋಡಿದರೆ ಶೇ. 6.2. ಭಾಗಿಸಿ ನೋಡಿದರೆ ಶೇ. 5.3. ಹಲವು ವರ್ಷಗಳನ್ನು ಒಟ್ಟಿಗೆ ನೋಡುವಾಗಲಂತೂ ವರ್ಷ ವರ್ಷದ ಶೇಕಡಾಗಳನ್ನು ಕೂಡಿಸಿ ಕಳೆಯುವ ಬದಲು ಮೊದಲ ಮತ್ತು ಕೊನೆಯ ಸೂಚ್ಯಂಕಗಳನ್ನು ಭಾಗಿಸುವುದೇ ಸರಿಯಾದ ಮಾರ್ಗ.

ಇನ್ನೊಂದು ತಪ್ಪು ತಿಳಿವಳಿಕೆ ಪತ್ರಿಕೆಯ ತಲೆಬರಹಗಳಿಂದ ಹುಟ್ಟುತ್ತದೆ. ಹಣದುಬ್ಬರ ಇಳಿಯಿತು ಎಂದು ಓದಿದೊಡನೆ, ಬೆಲೆ ಇಳಿದಿದೆ, ಈ ವರ್ಷ ಹೆಚ್ಚಳ ಬೇಡ ಎಂದು ಸಮಿತಿಯಲ್ಲಿ ಯಾರಾದರೂ ಹೇಳುವುದುಂಟು. 2022ರ ಡಿಸೆಂಬರ್‌ನಲ್ಲಿ ಶೇ. 5.50 ಇದ್ದ ವಾರ್ಷಿಕ ಏರಿಕೆ 2023ರಲ್ಲಿ 4.91ಕ್ಕೆ, 2024ರಲ್ಲಿ 3.53ಕ್ಕೆ ಇಳಿಯಿತು, ನಿಜ. ಇಳಿದದ್ದು ಏರಿಕೆಯ ವೇಗ ಮಾತ್ರ. ಆ ಎರಡು ವರ್ಷಗಳಲ್ಲಿ ಸೂಚ್ಯಂಕ 132.3ರಿಂದ 143.7ಕ್ಕೆ ಏರಿತೇ ಹೊರತು ಇಳಿಯಲಿಲ್ಲ. ಘಾಟಿ ಹತ್ತುವ ಬಸ್ಸು ನಿಧಾನವಾದರೆ ಅದು ಕೆಳಗೆ ಬರುತ್ತಿದೆ ಎಂದು ಅರ್ಥವಲ್ಲ.

ಸೂಚ್ಯಂಕ ಹೇಳದೆ ಬಿಡುವುದು

ಸೂಚ್ಯಂಕವೂ ಸರಾಸರಿಯೇ. ಈಗ ಹೇಳಿದ 2016ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇ. 39.17. ಅದಕ್ಕೆ ಹಿಂದಿನ 2001ರ ಸರಣಿಯಲ್ಲಿ ಅದು ಶೇ. 46ಕ್ಕಿಂತ ಹೆಚ್ಚಿತ್ತು. ಕುಟುಂಬಗಳು ಅನುಕೂಲಸ್ಥರಾದಂತೆ ಆಹಾರದ ಪಾಲು ಕಡಿಮೆಯಾಗಿ ಇತರ ವೆಚ್ಚಗಳ ಪಾಲು ಹೆಚ್ಚುವುದು ಸಹಜ. ಆದರೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರದಲ್ಲಿ ಸಂಸಾರ ನಡೆಸುವ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಅಡುಗೆಮನೆಗೇ ಹೋಗಬಹುದು. ಆಹಾರದ ಬೆಲೆ ಇತರ ಬೆಲೆಗಳಿಗಿಂತ ವೇಗವಾಗಿ ಏರಿದ ವರ್ಷ ಆ ಮನೆಯ ಹಣದುಬ್ಬರ ಸೂಚ್ಯಂಕಕ್ಕಿಂತ ಹೆಚ್ಚಾಗಿರುತ್ತದೆ. ತರಕಾರಿ ಅಗ್ಗವಾದ ವರ್ಷ ಕಡಿಮೆಯೂ ಇರಬಹುದು.

ನಮ್ಮ ಕರಾವಳಿಗೆ ತನ್ನದೇ ಆದ ಬುಟ್ಟಿಯಿದೆ. ಕುಚ್ಚಲಕ್ಕಿ, ಬಂಗುಡೆ, ಬೂತಾಯಿ, ತೆಂಗಿನೆಣ್ಣೆ, ತೆಂಗಿನಕಾಯಿ ಇಲ್ಲದ ಅಡುಗೆ ಇಲ್ಲಿ ಅಪರೂಪ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಹೇಗೆ ಏರಿತೆಂದು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಇಡೀ ದೇಶದ ಸರಾಸರಿಯಲ್ಲಿ ತೆಂಗಿನೆಣ್ಣೆಯ ತೂಕ ಬಹಳ ಸಣ್ಣದು, ನಮ್ಮ ಅಡುಗೆಮನೆಯಲ್ಲಿ ಅಲ್ಲ. ಹಾಗೆಯೇ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಮೀನಿನ ಬೆಲೆ ಏರುತ್ತದೆ, ಆಗಸ್ಟ್ ನಂತರ ಇಳಿಯುತ್ತದೆ. ಆದ್ದರಿಂದ ಬೆಲೆಯನ್ನು ಹೋಲಿಸುವವರು ಒಂದು ವರ್ಷದ ಡಿಸೆಂಬರನ್ನು ಇನ್ನೊಂದು ವರ್ಷದ ಡಿಸೆಂಬರ್‌ಗೇ ಹೋಲಿಸಬೇಕು. ಜುಲೈಯನ್ನು ಜನವರಿಗೆ ಹೋಲಿಸಿದರೆ ಋತುಮಾನದ ಏರಿಳಿತವನ್ನೇ ಹಣದುಬ್ಬರವೆಂದು ಎಣಿಸಿದಂತಾಗುತ್ತದೆ.

ಯಾವ ಮನೆಯವರೂ ಇದನ್ನು ಸ್ವತಃ ಪರೀಕ್ಷಿಸಬಹುದು. ಪ್ರತಿ ತಿಂಗಳು ತಪ್ಪದೆ ಕೊಳ್ಳುವ ಹತ್ತು ಹನ್ನೆರಡು ವಸ್ತುಗಳನ್ನು, ಅವುಗಳ ಪ್ರಮಾಣ ಸಹಿತ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಅಕ್ಕಿ ಇಷ್ಟು ಕಿಲೋ, ಎಣ್ಣೆ ಇಷ್ಟು ಲೀಟರ್, ಗ್ಯಾಸ್ ಒಂದು, ಬಸ್ ಖರ್ಚು, ಬಾಡಿಗೆ, ಮಾತ್ರೆ. ಅದೇ ಪ್ರಮಾಣಕ್ಕೆ ಮುಂದಿನ ವರ್ಷ ಅದೇ ತಿಂಗಳು ತಗಲಿದ ಹಣವನ್ನು ಹಿಂದಿನ ಮೊತ್ತದಿಂದ ಭಾಗಿಸಿದರೆ ನಿಮ್ಮ ಮನೆಯ ಸೂಚ್ಯಂಕ ಸಿಗುತ್ತದೆ. ಪ್ರಮಾಣವನ್ನು ಮಾತ್ರ ಬದಲಿಸಬಾರದು. ಬೆಲೆ ಹೆಚ್ಚಾಯಿತೆಂದು ಅರ್ಧ ಲೀಟರ್ ಎಣ್ಣೆ ಕಡಿಮೆ ತಂದು ಖರ್ಚು ಅಷ್ಟೇ ಆಯಿತೆಂದು ಬರೆದರೆ, ಅಳೆಯಬೇಕಾದ ನಷ್ಟವನ್ನೇ ಲೆಕ್ಕದಿಂದ ಬಿಟ್ಟಂತೆ.

ಸಮಿತಿಯ ಮೇಜಿನ ಮೇಲೆ

ಪ್ರಕಟಣೆ ಗ್ರಂಥದ ಆರನೇ ಅಧ್ಯಾಯದಲ್ಲಿ ಕಪ್ಪು ಕುದುರೆಯ ಸವಾರನೊಬ್ಬ ತಕ್ಕಡಿ ಹಿಡಿದು ಬರುತ್ತಾನೆ. ಆಗ ಕೇಳಿಬರುವ ಧ್ವನಿ ಬೆಲೆಯನ್ನು ಸಾರುತ್ತದೆ. ಒಂದು ದೆನಾರಿಗೆ ಒಂದು ಸೇರಿನಷ್ಟು ಗೋಧಿ, ಅದೇ ಹಣಕ್ಕೆ ಮೂರು ಸೇರು ಜವೆಗೋಧಿ. ದೆನಾರಿ ಎಂಬುದು ಆ ಕಾಲದ ಒಂದು ದಿನದ ಕೂಲಿ. ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯಲ್ಲಿ ಯಜಮಾನ ಕೊಟ್ಟದ್ದೂ ಅದನ್ನೇ. ಆ ಅಳತೆಯ ಗೋಧಿ ಒಬ್ಬ ಮನುಷ್ಯನ ಒಂದು ದಿನದ ಊಟ. ಕೂಲಿ ಒಂದು ದೆನಾರಿಯಾಗಿಯೇ ಉಳಿದಿದೆ, ಆದರೆ ಅದರಿಂದ ದುಡಿದವನ ಹೊಟ್ಟೆ ತುಂಬುತ್ತದೆ, ಹೆಂಡತಿ ಮಕ್ಕಳದ್ದಲ್ಲ. ಕೂಲಿಯನ್ನು ನಾಣ್ಯದಲ್ಲಿ ಅಲ್ಲ, ಧಾನ್ಯದಲ್ಲಿ ಅಳೆಯಬೇಕೆಂಬುದನ್ನು ಆ ದರ್ಶನ ತೋರಿಸುತ್ತದೆ.

1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋರವರು ತಮ್ಮ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ, ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಸಂಬಳ ನ್ಯಾಯವಾಗುವುದಿಲ್ಲ, ಅದು ಅವನ ಬದುಕಿಗೆ ಸಾಕಾಗಬೇಕು ಎಂದು ಬೋಧಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಆರಿಸಿಕೊಳ್ಳುವಾಗ ಅದೇ ವಿಶ್ವಪತ್ರವನ್ನು ಸ್ಮರಿಸಿದರು. ನಮ್ಮ ಸಾಕ್ರಿಸ್ತಾನರು 9,900ಕ್ಕೆ ಮರುಮಾತಿಲ್ಲದೆ ಸಹಿ ಹಾಕಿದ್ದರು. ಅದರಿಂದ ಆ ಸಂಬಳ ನ್ಯಾಯವಾಗಲಿಲ್ಲ.

ಹಾಗಾದರೆ ಸಮಿತಿಗಳು ಏನು ಮಾಡಬಹುದು? ನಿರ್ಣಯ ಬರೆಯುವ ಮೊದಲು ಪ್ರತಿಯೊಬ್ಬ ಸಿಬ್ಬಂದಿಯ ಹೆಸರಿನ ಮುಂದೆ ಮೂರು ವಿಷಯ ಬರೆಯಲಿ. ಕೊನೆಯ ಹೆಚ್ಚಳ ಯಾವ ತಿಂಗಳು, ಆಗಿನ ಒಟ್ಟು ಸಂಬಳ ಎಷ್ಟು, ಆಗಿನ ಸೂಚ್ಯಂಕ ಎಷ್ಟು. ಒಟ್ಟು ಸಂಬಳವನ್ನು ಈಗಿನ ಸೂಚ್ಯಂಕದಿಂದ ಗುಣಿಸಿ ಆಗಿನ ಸೂಚ್ಯಂಕದಿಂದ ಭಾಗಿಸಿದರೆ ಬರುವ ಮೊತ್ತವೇ ಇದ್ದಲ್ಲಿ ನಿಲ್ಲಿಸುವ ಸಂಬಳ. ಅಲ್ಲಿಯವರೆಗೆ ಕೊಡುವುದನ್ನು ನಿರ್ಣಯ ಪುಸ್ತಕದಲ್ಲಿ ಬೆಲೆ ಪರಿಹಾರ ಎಂದು ಬರೆಯಲಿ. ಅದರ ಮೇಲೆ ಕೊಡುವುದನ್ನು ಮಾತ್ರ ಹೆಚ್ಚಳ ಎಂದು ಕರೆಯಲಿ. ಒಂದು ತಿಂಗಳ ಸೂಚ್ಯಂಕ ಮುಂದಿನ ತಿಂಗಳ ಕೊನೆಗೆ ಪ್ರಕಟವಾಗುವುದರಿಂದ, ಸಭೆಯ ದಿನ ಲಭ್ಯವಿರುವ ಇತ್ತೀಚಿನ ಸಂಖ್ಯೆಯನ್ನು ತೆಗೆದುಕೊಂಡರೆ ಸಾಕು. ಪ್ರತಿ ವರ್ಷ ಅದೇ ತಿಂಗಳ ಸಂಖ್ಯೆಯನ್ನೇ ಬಳಸಬೇಕು.

ಚಿಕ್ಕ ಧರ್ಮಕೇಂದ್ರಗಳಿಗೆ ಇದು ಹೊರೆಯಾಗುತ್ತದೆ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಾಣಿಕೆ ಸೂಚ್ಯಂಕದ ಜೊತೆ ಏರುವುದಿಲ್ಲ ಎಂಬುದು ಲೆಕ್ಕಪುಸ್ತಕ ನೋಡಿದ ಎಲ್ಲ ಗುರುಗಳಿಗೂ ತಿಳಿದಿದೆ. ಆದರೂ ಮೊತ್ತವನ್ನು ಒಮ್ಮೆ ಬರೆದು ನೋಡಬೇಕು. ನಾಲ್ವರು ಸಿಬ್ಬಂದಿಗೆ ಸೇರಿ ತಿಂಗಳಿಗೆ 50,000 ಸಂಬಳ ಕೊಡುವ ಧರ್ಮಕೇಂದ್ರದಲ್ಲಿ ಶೇ. 3.53ರ ಬೆಲೆ ಪರಿಹಾರಕ್ಕೆ ತಿಂಗಳಿಗೆ 1,765 ರೂಪಾಯಿ, ವರ್ಷಕ್ಕೆ 21,180 ರೂಪಾಯಿ ಬೇಕು. ವಾರ್ಷಿಕ ಹಬ್ಬದ ದೀಪಾಲಂಕಾರದ ಬಿಲ್ಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಯಾವುದು ಭಾರ ಎಂಬುದನ್ನು ಸಮಿತಿಯೇ ನಿರ್ಧರಿಸಲಿ. ಅಷ್ಟು ಕೊಡಲು ನಿಜವಾಗಿ ಸಾಧ್ಯವಿಲ್ಲದ ವರ್ಷವೂ ಬರಬಹುದು. ಆಗ ಸಿಬ್ಬಂದಿಯನ್ನು ಕರೆದು, ಈ ವರ್ಷ ನಿಮಗೆ ಇಷ್ಟು ಕಡಿಮೆಯಾಗುತ್ತಿದೆ, ಅದು ನಮ್ಮ ಗಮನದಲ್ಲಿದೆ ಎಂದು ತಿಳಿಸಿ, ಆ ಕೊರತೆಯನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವರ್ಷ ಮೊದಲು ಅದನ್ನೇ ತುಂಬಿಸಬೇಕು.

ನನ್ನ ಧರ್ಮಕೇಂದ್ರದಲ್ಲಿ ಮುಂದಿನ ಸಭೆಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಸಾಕ್ರಿಸ್ತಾನರ ಸಂಬಳಕ್ಕೆ 123 ರೂಪಾಯಿಯನ್ನು ಸೇರಿಸಿ, ಜನವರಿಯಿಂದಲೇ ಲೆಕ್ಕ ಹಾಕಿ ಬಾಕಿಯನ್ನೂ ಕೊಡುವುದೆಂದು ತೀರ್ಮಾನವಾಯಿತು. ನಿರ್ಣಯ ಪುಸ್ತಕದಲ್ಲಿ ಹೆಚ್ಚಳ ಎಂದು ಬರೆದಿದ್ದ ಕಡೆ ಗೆರೆ ಎಳೆದು ಬೆಲೆ ಪರಿಹಾರ ಎಂದು ತಿದ್ದಿದೆವು. ಅವರಿಗೆ ನಿಜವಾದ ಹೆಚ್ಚಳ ಕೊಡುವ ವಿಷಯವನ್ನು ಮುಂದಿನ ವರ್ಷದ ಸಭೆಗೆ ಮೊದಲ ವಿಷಯವಾಗಿ ಇಟ್ಟೆವು.